ಬಸಮ್ಮನ ಎಂಟು, ಈರಣ್ಣನ ಆರು

(ಸಿಂಧನೂರಿನ ಒಂದು ಕಾಲೇಜಿನಲ್ಲಿ ಮಾಡಿದ ಉಪನ್ಯಾಸವನ್ನು ಕೇಳಿದವರ ಒತ್ತಾಯಕ್ಕೆ ಬರೆದುಕೊಟ್ಟಿದ್ದೇನೆ. ಇಲ್ಲಿ ಬರುವ ಇಬ್ಬರು ರೈತರ ಹೆಸರು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಿಂಧನೂರಿನಲ್ಲಿ ಈ ವಿಷಯ ಮಾತಾಡೋಕೆ ಒಂದು ಅನುಕೂಲ ಇದೆ. ಇಲ್ಲಿಂದ ಮೇಲಕ್ಕೆ ಹೋದರೆ ಕಾರಟಗಿ, ಗಂಗಾವತಿ. ಕೆಳಕ್ಕೆ ಹೋದರೆ ಮಾನ್ವಿ, ಸಿರವಾರ, ರಾಯಚೂರು. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ನೀವು ಅದರ ನಡುವೆ ಇದ್ದೀರಿ. ಮೇಲಿನವರ ಭತ್ತವೂ ನಿಮಗೆ ಗೊತ್ತು, ಕೊನೆ ಭಾಗದವರ ಒಣಗಿದ ಹತ್ತಿಯೂ ಗೊತ್ತು. ಇವತ್ತಿನ ನನ್ನ ಪ್ರಶ್ನೆ ಈ ಕಾಲುವೆಯದ್ದೇ. ಇನ್ನೊಂದು ಸಲ ಹರಿಸುವಷ್ಟು ನೀರು ಮಾತ್ರ ಉಳಿದಿದೆ ಅಂದುಕೊಳ್ಳಿ. ಅದನ್ನು ಯಾರಿಗೆ ಕೊಡಬೇಕು?

ಉಪಯುಕ್ತತಾವಾದ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಯಾರಿಗೆ ಕೊಟ್ಟರೆ ಒಟ್ಟು ಸುಖ ಜಾಸ್ತಿ ಆಗುತ್ತದೋ ಅವರಿಗೆ ಕೊಡಿ. ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಸುಖವನ್ನು ಲೆಕ್ಕ ಹಾಕುವ ಕ್ರಮವನ್ನೂ ಬರೆದರು. ಅದು ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಎಷ್ಟು ಖಚಿತ, ಎಷ್ಟು ಜನಕ್ಕೆ ತಲುಪುತ್ತದೆ, ಹೀಗೆ. ನನಗೆ ಈ ವಾದದ ಮೇಲೆ ಪ್ರೀತಿ ಇದೆ. ಅದು ಯಾರ ಕುಲವನ್ನೂ ಕೇಳೋದಿಲ್ಲ, ಯಾರ ಆಸ್ತಿಯನ್ನೂ ಕೇಳೋದಿಲ್ಲ. ಆದರೆ ಕೂಡಿಸೋಕೆ ಹೊರಟಾಗ ಒಂದು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ. ನನಗೆ ಅದು ಅರ್ಥವಾದದ್ದು ಓದಿನಿಂದಲ್ಲ, ಒಂದು ಸಮೀಕ್ಷೆಗೆ ಫಾರಂ ಹಿಡಿದು ಹಳ್ಳಿ ತಿರುಗುವಾಗ.

ಆ ಫಾರಂನಲ್ಲಿ ಏಣಿಯ ಪ್ರಶ್ನೆ ಇತ್ತು. ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬುವರು 1965ರಲ್ಲಿ ಪ್ರಕಟಿಸಿದ ಪ್ರಶ್ನೆ ಅದು. ದೇಶಗಳ ಸುಖದ ಪಟ್ಟಿ ಅಂತ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದಲ್ಲ, ಅದಕ್ಕೂ ಇದೇ ಪ್ರಶ್ನೆ ಆಧಾರ. ಒಂದು ಏಣಿ, ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು. ತುದಿಯ ಮೆಟ್ಟಿಲು ಅಂದರೆ ನಿಮ್ಮ ಪಾಲಿಗೆ ಸಾಧ್ಯವಿರುವ ಅತ್ಯಂತ ಒಳ್ಳೆಯ ಬಾಳು. ಬುಡ ಅಂದರೆ ಅತ್ಯಂತ ಕೆಟ್ಟ ಬಾಳು. ಈಗ ನೀವು ಯಾವ ಮೆಟ್ಟಿಲ ಮೇಲಿದ್ದೀರಿ?

ಗಂಗಾವತಿ ಕಡೆಯ ಈರಣ್ಣನವರನ್ನು ಕೇಳಿದೆ. ಎಂಟು ಎಕರೆ ಭತ್ತ, ಸ್ವಂತ ಟ್ರ್ಯಾಕ್ಟರ್. ಸ್ವಲ್ಪ ಯೋಚಿಸಿ, "ಆರು ಹಾಕ್ರಿ ಮೇಡಂ" ಅಂದರು. ಎರಡನೇ ಬೆಳೆಗೆ ನೀರು ಸಿಕ್ಕರೆ? "ಎಂಟು ಆಗ್ತೈತ್ರಿ."

ಸಿರವಾರದ ಹತ್ತಿರ ಬಸಮ್ಮನವರನ್ನು ಕೇಳಿದೆ. ಮೂರು ಎಕರೆ ಹತ್ತಿ, ಕಾಲುವೆಯ ಕೊನೆ. ಆ ವರ್ಷ ಕಾಯಿ ಕಟ್ಟುವ ಹೊತ್ತಿಗೆ ನೀರು ನಿಂತಿತ್ತು. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಮೊಮ್ಮಗಳು ಅಜ್ಜಿಯ ಹತ್ತಿರ ಇದ್ದಳು. ಬಸಮ್ಮ ಯೋಚನೆ ಮಾಡಲೇ ಇಲ್ಲ. "ಎಂಟು ಬರ್ಕೊಳ್ಳವ್ವಾ." ನೀರು ಬಂದಿದ್ದರೆ ಎಷ್ಟು ಹೇಳ್ತಿದ್ರಿ ಅಮ್ಮಾ ಅಂದೆ. "ಆಗಲೂ ಎಂಟೇ. ನೀರು ಬಂದ್ರ ಬರ್ತೈತಿ, ಬರ್ದಿದ್ರ ಇಲ್ಲ. ಅದಕ್ಕ ಮನಸ್ಸು ಯಾಕ ಕೆಡಿಸ್ಕೋಬೇಕು?"

ಈಗ ಕೂಡಿಸಿ ನೋಡಿ. ನೀರು ಈರಣ್ಣನವರಿಗೆ ಹೋದರೆ ಎರಡು ಮೆಟ್ಟಿಲು ಏರಿಕೆ. ಬಸಮ್ಮನಿಗೆ ಬಂದರೆ ಏರಿಕೆ ಸೊನ್ನೆ. ಲೆಕ್ಕ ಮುಗಿಯಿತು, ನೀರು ಮೇಲಕ್ಕೆ. ಈ ಲೆಕ್ಕದಲ್ಲಿ ಏನೋ ತಪ್ಪಿದೆ ಅಂತ ನಿಮಗೆಲ್ಲ ಅನಿಸುತ್ತಿದೆ, ಅಲ್ವಾ? ಆದರೆ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋದು ಅಷ್ಟು ಸುಲಭ ಅಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಅನ್ನೋದು ಎತ್ತರದ ಪ್ರಶ್ನೆ. ಯಾರಿಗೆ ಎಷ್ಟು ಏರುತ್ತದೆ ಅನ್ನೋದು ಏರಿಕೆಯ ಪ್ರಶ್ನೆ. ಎಲ್ಲರಿಗಿಂತ ಕೆಳಗಿರುವವರಿಗೆ ಮೊದಲು ಕೊಡಿ ಅನ್ನುವವರಿಗೆ ಎತ್ತರ ಗೊತ್ತಾದರೆ ಸಾಕು. ಉಪಯುಕ್ತತಾವಾದಿಗೆ ಎತ್ತರ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಏರಿಕೆ ಗೊತ್ತಾಗಬೇಕು. ಏರಿಕೆಯನ್ನು ಹೋಲಿಸಬೇಕಾದರೆ ಇಬ್ಬರ ಮೆಟ್ಟಿಲುಗಳ ಅಂತರ ಒಂದೇ ಇರಬೇಕು. ಜ್ವರದ ಥರ್ಮಾಮೀಟರ್ ನೆನೆಸಿಕೊಳ್ಳಿ. ಒಂದು ಮನೆಯಲ್ಲಿ ಮಗುವಿಗೆ 2 ಡಿಗ್ರಿ ಏರಿತು ಅಂತಾರೆ, ಪಕ್ಕದ ಮನೆಯಲ್ಲಿ 3 ಡಿಗ್ರಿ ಅಂತಾರೆ. ಮೊದಲನೆಯದು ಸೆಲ್ಸಿಯಸ್, ಎರಡನೆಯದು ಫ್ಯಾರನ್‌ಹೀಟ್ ಆಗಿದ್ದರೆ? 2 ಡಿಗ್ರಿ ಸೆಲ್ಸಿಯಸ್ ಅಂದರೆ 3.6 ಫ್ಯಾರನ್‌ಹೀಟ್. ಎರಡು ಅಂದ ಮನೆಯ ಮಗುವಿಗೇ ಜಾಸ್ತಿ ಏರಿದೆ. ಥರ್ಮಾಮೀಟರಿನ ಮೇಲೆ ಸಿ, ಎಫ್ ಅಂತ ಬರೆದಿರುತ್ತದೆ. ಈರಣ್ಣನವರ ಮನಸ್ಸಿನ ಮೇಲೆ, ಬಸಮ್ಮನ ಮನಸ್ಸಿನ ಮೇಲೆ ಹಾಗೆ ಬರೆದಿಲ್ಲ.

ಇದನ್ನು ಅತ್ಯಂತ ಕಟುವಾಗಿ ಹೇಳಿದ್ದು ಲಂಡನ್ನಿನ ಅರ್ಥಶಾಸ್ತ್ರಜ್ಞ ಲಯನೆಲ್ ರಾಬಿನ್ಸ್. 1938ರ ಒಂದು ಲೇಖನದಲ್ಲಿ ಅವರು ನಮ್ಮ ದೇಶದ ಕಥೆಯೊಂದನ್ನು ಹೇಳುತ್ತಾರೆ. ಅದನ್ನು ಹೆನ್ರಿ ಮೇನ್ ಅವರ ಬರಹದಲ್ಲಿ ಓದಿದ ನೆನಪು ಅನ್ನುತ್ತಾರೆ. ಭಾರತದಲ್ಲಿದ್ದ ಒಬ್ಬ ಅಧಿಕಾರಿ ಒಬ್ಬ ಬ್ರಾಹ್ಮಣನಿಗೆ ಬೆಂಥಮ್ಮನ ವಾದ ವಿವರಿಸುತ್ತಿದ್ದನಂತೆ. ಆ ಬ್ರಾಹ್ಮಣ ಅಂದನಂತೆ: ಇದು ಸರಿಯಾಗೋಕೆ ಸಾಧ್ಯವೇ ಇಲ್ಲ. ಅಲ್ಲಿ ನಿಂತಿದ್ದಾನಲ್ಲ ಆ ಅಸ್ಪೃಶ್ಯ, ಅವನಿಗಿಂತ ಹತ್ತು ಪಟ್ಟು ಸುಖ ಪಡುವ ಶಕ್ತಿ ನನಗಿದೆ. ರಾಬಿನ್ಸ್‌ಗೆ ಆ ಮನುಷ್ಯನ ಬಗ್ಗೆ ಯಾವ ಸಹಾನುಭೂತಿಯೂ ಇರಲಿಲ್ಲ, ಹಾಗಂತ ಬರೆದೂ ಇದ್ದಾರೆ. ಆದರೆ ಅವನ ಮಾತು ಸುಳ್ಳು ಅಂತ ಯಾವ ಅಳತೆಯಿಂದ ತೋರಿಸಲಿ ಅಂತ ಕೇಳಿಕೊಂಡರು, ಅಂಥ ಅಳತೆ ಸಿಗಲಿಲ್ಲ. ಎಲ್ಲರೂ ಸಮ ಅನ್ನೋದು ನಾವು ತೆಗೆದುಕೊಳ್ಳುವ ನಿರ್ಧಾರ, ಅಳೆದು ಕಂಡುಕೊಂಡ ಸಂಗತಿ ಅಲ್ಲ ಅಂದರು. ಈ ಕಥೆಯನ್ನು ನಾನು ಮೊದಲು ಓದಿದ ದಿನ ಬಹಳ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ಅದರಲ್ಲಿ ಆ ನಿಂತವನ ಒಂದು ಮಾತೂ ಇಲ್ಲ. ಅವನನ್ನು ಯಾರೂ ಕೇಳಲಿಲ್ಲ. ಈ ಹತ್ತು ಪಟ್ಟನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಒಬ್ಬ ಮನುಷ್ಯನ ಒಳಗೇ ಏರಿಕೆ ಅಳೆಯೋಕೆ ಒಂದು ಒಳ್ಳೆಯ ದಾರಿ ಇದೆ. 1944ರಲ್ಲಿ ಜಾನ್ ವಾನ್ ನಾಯ್‌ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ ತೋರಿಸಿದ ದಾರಿ. ನಾನು ಅದನ್ನು ಚೀಟಿ ಎತ್ತುವ ಆಟ ಮಾಡಿಕೊಂಡೆ. ಡಬ್ಬಿಯಲ್ಲಿ ಹತ್ತು ಚೀಟಿ. ಬಸಮ್ಮನಿಗೆ ಕೆಟ್ಟ ಚೀಟಿ ಅಂದರೆ ಮನೆಗೆ ಬೀಗ ಹಾಕಿ ಎಲ್ಲರೂ ಗುಳೆ ಹೋಗೋದು. ಒಳ್ಳೆ ಚೀಟಿ ಅಂದರೆ ಸಾಲ ತೀರಿ, ಮಗ ಸೊಸೆ ಊರಿಗೆ ವಾಪಸ್ ಬರೋದು. ಇವೆರಡೂ ಅವರೇ ಹೇಳಿದ್ದು. ಈಗ ಕೇಳಬೇಕು: ನೀರಿಲ್ಲದ ಈ ವರ್ಷದ ಬಾಳು ಹೀಗೇ ಖಚಿತವಾಗಿ ಇರಲಿ ಅಂತೀರಾ, ಅಥವಾ ಚೀಟಿ ಎತ್ತುತ್ತೀರಾ? ಡಬ್ಬಿಯಲ್ಲಿ ಒಂದೇ ಒಳ್ಳೆ ಚೀಟಿ ಇದ್ದಾಗ ಬೇಡ ಅಂದರು. ಎರಡು ಇದ್ದಾಗ "ಎರಡೂ ಒಂದೇ ನೋಡು" ಅಂದರು. ಅಂದರೆ ನೀರಿಲ್ಲದ ವರ್ಷಕ್ಕೆ ಎರಡು. ನೀರು ಬಂದ ವರ್ಷಕ್ಕೆ ಇದೇ ಆಟ ಆಡಿದಾಗ ಎಂಟು ಒಳ್ಳೆ ಚೀಟಿ ಇರೋವರೆಗೂ ಡಬ್ಬಿ ಮುಟ್ಟಲಿಲ್ಲ. ಏರಿಕೆ ಆರು ಚೀಟಿ.

ಈರಣ್ಣನವರ ಕೆಟ್ಟ ಚೀಟಿ ಹೊಲ ಮಾರೋದು, ಒಳ್ಳೆ ಚೀಟಿ ಸ್ವಂತ ರೈಸ್ ಮಿಲ್ಲು. ನೀರು ಸಿಗದಿದ್ದರೆ ಏಳು, ಸಿಕ್ಕರೆ ಎಂಟು. ಏರಿಕೆ ಒಂದೇ ಚೀಟಿ.

ಏಣಿ ಒಂದು ಹೇಳಿತು, ಚೀಟಿ ಅದರ ಉಲ್ಟಾ ಹೇಳಿತು. ಅದೇ ಇಬ್ಬರು, ಅದೇ ನೀರು.

ಹಾಗಾದರೆ ಚೀಟಿಯೇ ಸರಿ, ಏಣಿ ತಪ್ಪು ಅಂದುಬಿಡೋಣವೇ? ಅಷ್ಟು ಬೇಗ ಬೇಡ. ಚೀಟಿಯಲ್ಲಿ ಎರಡು ತೊಡಕು ಇವೆ. ಒಂದು, ಅದರಲ್ಲಿ ಭಯ ಬೆರೆತಿರುತ್ತದೆ. ಕಳೆದುಕೊಳ್ಳೋಕೆ ಹೆದರುವವರು ಹೆಚ್ಚು ಒಳ್ಳೆ ಚೀಟಿ ಕೇಳುತ್ತಾರೆ, ಆಗ ಅವರ ಈಗಿನ ಬಾಳಿಗೆ ದೊಡ್ಡ ಅಂಕಿ ಬೀಳುತ್ತದೆ. ಅದರಲ್ಲಿ ಸುಖ ಎಷ್ಟು, ಅಂಜಿಕೆ ಎಷ್ಟು ಅಂತ ಬೇರೆ ಮಾಡೋಕೆ ಬರೋದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಇಬ್ಬರ ಡಬ್ಬಿಯಲ್ಲೂ ಹತ್ತೇ ಚೀಟಿ ಇಟ್ಟವಳು ನಾನು. ಹಾಗೆ ಇಟ್ಟಾಗ, ಬಸಮ್ಮನ ಗುಳೆಯಿಂದ ಸಾಲ ತೀರುವವರೆಗಿನ ದೂರವೂ, ಈರಣ್ಣನವರ ಹೊಲ ಮಾರೋದರಿಂದ ರೈಸ್ ಮಿಲ್ಲಿನವರೆಗಿನ ದೂರವೂ ಒಂದೇ ಅಂತ ನಾನೇ ತೀರ್ಮಾನ ಮಾಡಿದ ಹಾಗಾಯಿತು. ಚಿಕ್ಕ ಕನಸು ಇರುವವರಿಗೆ ಚಿಕ್ಕ ವಸ್ತುವೇ ಡಬ್ಬಿಯ ಅರ್ಧ ತುಂಬುತ್ತದೆ. ಅದು ಅವರ ಸುಖ ದೊಡ್ಡದು ಅನ್ನೋದಕ್ಕೋ, ಡಬ್ಬಿ ಚಿಕ್ಕದು ಅನ್ನೋದಕ್ಕೋ, ಡಬ್ಬಿಯಿಂದ ಗೊತ್ತಾಗೋದಿಲ್ಲ.

ಆದ್ದರಿಂದ ಇಬ್ಬರ ಅಳತೆಗೋಲನ್ನೂ ಹೊರಗಿನ ಒಂದೇ ವಸ್ತುವಿನ ಪಕ್ಕ ಇಟ್ಟು ನೋಡಬೇಕು. ಸಮೀಕ್ಷೆ ಮಾಡುವವರು ಈಗ ಇದಕ್ಕೆ ಚಿಕ್ಕ ಕಥೆಗಳನ್ನು ಬಳಸುತ್ತಾರೆ. ಒಬ್ಬ ಕಲ್ಪಿತ ವ್ಯಕ್ತಿಯ ಬಾಳನ್ನು ನಾಲ್ಕು ಸಾಲಲ್ಲಿ ಹೇಳಿ, ಈ ವ್ಯಕ್ತಿಗೆ ಎಷ್ಟು ಅಂಕ ಕೊಡ್ತೀರಿ ಅಂತ ಎಲ್ಲರನ್ನೂ ಕೇಳುತ್ತಾರೆ. ಕಥೆ ಒಂದೇ ಇರೋದರಿಂದ, ಒಬ್ಬರು ನಾಲ್ಕು ಕೊಟ್ಟು ಇನ್ನೊಬ್ಬರು ಏಳು ಕೊಟ್ಟರೆ ಆ ವ್ಯತ್ಯಾಸ ಅಳತೆಗೋಲಿನದ್ದು. ಆಮೇಲೆ ಅವರು ತಮಗೆ ಕೊಟ್ಟುಕೊಂಡ ಅಂಕವನ್ನು ಈ ಕಥೆಗಳ ಮೇಲೋ ಕೆಳಗೋ ಅಂತ ಜೋಡಿಸುತ್ತಾರೆ. ಇದು ನಿಲ್ಲಬೇಕಾದರೆ ಎರಡು ನಂಬಿಕೆ ಬೇಕು. ಕಥೆ ಎಲ್ಲರಿಗೂ ಒಂದೇ ರೀತಿ ಅರ್ಥವಾಗಿದೆ ಅನ್ನೋದು ಒಂದು. ಬೇರೆಯವರನ್ನು ಅಳೆಯುವ ಕೋಲಿನಿಂದಲೇ ಜನ ತಮ್ಮನ್ನೂ ಅಳೆದುಕೊಳ್ಳುತ್ತಾರೆ ಅನ್ನೋದು ಇನ್ನೊಂದು.

ಎರಡನೆಯ ನಂಬಿಕೆ ನಿಲ್ಲುತ್ತದೋ ಇಲ್ಲವೋ ನೋಡೋಕೆ ಒಂದು ಉಪಾಯ ಇದೆ. ಕೇಳುವವರದ್ದೇ ಬಾಳನ್ನು ಬೇರೆ ಹೆಸರಿಟ್ಟು ಅವರಿಗೇ ಹೇಳೋದು. ನಾನು ಎರಡನೇ ಸಲ ಹೋದಾಗ ಹಾಗೇ ಮಾಡಿದೆ. ಒಬ್ಬ ಹೆಣ್ಣುಮಗಳು, ವಯಸ್ಸು ಅರವತ್ತು, ಮೂರು ಎಕರೆ ಹೊಲ, ಈ ವರ್ಷ ಕಾಲುವೆ ನೀರು ಬರಲಿಲ್ಲ, ಮಗ ಸೊಸೆ ದೂರದೂರಿಗೆ ದುಡಿಯೋಕೆ ಹೋಗಿದ್ದಾರೆ, ಮೊಮ್ಮಗಳನ್ನು ಇವಳೇ ನೋಡಿಕೊಳ್ಳುತ್ತಾಳೆ. ಈಕೆ ಯಾವ ಮೆಟ್ಟಿಲಲ್ಲಿ ಇರಬಹುದು ಅಮ್ಮಾ?

ಬಸಮ್ಮ ಹತ್ತಿಯ ಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಿದರು. "ಪಾಪ, ಆಕಿದು ಭಾಳ ಕಷ್ಟ ಐತಿ. ಮೂರು ಹಾಕು." ಆಕೆಗೆ ನೀರು ಬಂದಿದ್ದರೆ? "ಏಳು. ಮಗ ಮನ್ಯಾಗ ಇರ್ತಿದ್ನಲ್ಲ."

ನಾನು ಸುಮ್ನೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮದು ಎಂಟು ಅಂದಿದ್ರಲ್ಲ ಅಮ್ಮಾ ಅಂದೆ. ಅವರಿಗೆ ನನ್ನ ಮಾತಿನ ಹಿಂದೇನಿದೆ ಅಂತ ತಕ್ಷಣ ತಿಳಿಯಿತು. "ಮಂದಿ ಮುಂದ ನಮ್ಮ ಬಾಳೇವು ಕಮ್ಮಿ ಅಂತ ಹೇಳ್ಕೋಬಾರ್ದವ್ವಾ," ಅಂದು ಮತ್ತೆ ಕಾಯಿ ಬಿಡಿಸತೊಡಗಿದರು.

ಇಲ್ಲಿ ಒಂದು ಕವಲು ಇದೆ. ಬಸಮ್ಮ ಎಂಟು ಅಂತ ಹೇಳಿದ್ದು ಮಾತ್ರವೋ, ಅಥವಾ ಎಂಟರಷ್ಟು ನೆಮ್ಮದಿ ಅವರಿಗೆ ನಿಜವಾಗಿಯೂ ಇದೆಯೋ? ಮೊದಲನೆಯದಾದರೆ ಅದು ಅಳತೆಯ ತಪ್ಪು, ತಿದ್ದಬಹುದು. ಎರಡನೆಯದಾದರೆ ಅವರ ಮನಸ್ಸು ಕಷ್ಟಕ್ಕೆ ಒಗ್ಗಿಕೊಂಡಿದೆ. ಆಗ ಎಂಟು ಅನ್ನೋದೇ ಸರಿಯಾದ ಅಂಕಿ. ಉಪಯುಕ್ತತಾವಾದಿ ಅದನ್ನು ಒಪ್ಪಿಕೊಂಡು ನೀರನ್ನು ಮೇಲಕ್ಕೇ ಕಳಿಸಬೇಕಾಗುತ್ತದೆ.

ಈ ಕವಲನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮಾಡಿದವರು ಅಮರ್ತ್ಯ ಸೇನ್. ಅವರು ಎತ್ತಿ ತೋರಿಸಿದ ಉದಾಹರಣೆ ಬಂಗಾಳದ್ದು. 1943ರ ಕ್ಷಾಮದ ಮರುವರ್ಷ, ಕಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ ಹೆಂಡತಿ ಸತ್ತ ಗಂಡಸರನ್ನೂ ವಿಧವೆಯರನ್ನೂ ಆರೋಗ್ಯದ ಬಗ್ಗೆ ಕೇಳಿದರು. ಗಂಡಸರಲ್ಲಿ ಶೇ. 48.5ರಷ್ಟು ಮಂದಿ ಹುಷಾರಿಲ್ಲ ಅಥವಾ ಅಷ್ಟಕ್ಕಷ್ಟೇ ಅಂದರು. ವಿಧವೆಯರಲ್ಲಿ ಹಾಗಂದವರು ಶೇ. 2.5 ಮಾತ್ರ. ಆ ಕಾಲದ ಬಂಗಾಳದ ವಿಧವೆಯ ಊಟ, ಬಟ್ಟೆ, ಮನೆಯೊಳಗಿನ ಜಾಗ ನೆನೆದರೆ ಈ ಅಂಕಿಯನ್ನು ಹೇಗೆ ನಂಬೋದು? ಅವರು ಸುಳ್ಳು ಹೇಳಿದರು ಅಂತಲ್ಲ. ನನ್ನ ಮೈ ಹೇಗಿದೆ ಅನ್ನುವ ಪ್ರಶ್ನೆಯೇ ತನ್ನ ಪಾಲಿನದ್ದಲ್ಲ ಅಂತ ಬದುಕಿದವರು ಅವರು. ಆದರೆ ಆರೋಗ್ಯಕ್ಕೆ ವೈದ್ಯರು ಇದ್ದಾರೆ, ತೂಕ ನೋಡಬಹುದು, ರಕ್ತ ನೋಡಬಹುದು. ಸುಖಕ್ಕೆ ಅಂಥ ಹೊರಗಿನ ಪರೀಕ್ಷೆ ಬಹಳ ಕಡಿಮೆ.

ಬಹಳ ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಒಟ್ಟು ಬಾಳು ಹೇಗಿದೆ ಅಂತ ಕೇಳಿದರೆ ಮರ್ಯಾದೆ ಅಡ್ಡ ಬರುತ್ತದೆ. ನಿನ್ನೆ ಹೇಗಿತ್ತು ಅಂತ ಕೇಳಿದರೆ ಅಷ್ಟು ಬರೋದಿಲ್ಲ. ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 2004ರಲ್ಲಿ ಮುಂದಿಟ್ಟ ವಿಧಾನ ಇದು. ನಿನ್ನೆಯ ದಿನವನ್ನು ತುಂಡು ತುಂಡಾಗಿ ನೆನಪಿಸಿಕೊಳ್ಳೋದು, ಪ್ರತಿ ತುಂಡಿನಲ್ಲೂ ಏನು ಅನಿಸಿತು ಅಂತ ಹೇಳೋದು. ಬಸಮ್ಮನ ನಿನ್ನೆ ಹೀಗಿತ್ತು. ಐದಕ್ಕೆ ಎದ್ದು ನೀರು ತಂದರು. ಮೊಮ್ಮಗಳ ತಲೆ ಬಾಚುವಾಗ ಖುಷಿ. ಮಧ್ಯಾಹ್ನ ಹೊಲದಲ್ಲಿ ಬೇಸರ. ರಾತ್ರಿ ಊಟ ಆಗಿ ಮಲಗಿದರು. "ಎರಡು ಗಂಟೇಕ ಎಚ್ಚರ ಆತು. ಸಾಲದ್ದೇ ಚಿಂತಿ. ಬೆಳಗಾಗೋತನಕ ನಿದ್ದಿ ಇಲ್ಲ." ಮೊನ್ನೆ? "ದಿನಾ ಅದೇ ಅಲ್ಲೇನವ್ವಾ."

ನೆಮ್ಮದಿ ಎಂಟು ಇರುವವರು ದಿನಾ ಎರಡು ಗಂಟೆಗೆ ಎದ್ದು ಕೂರೋದಿಲ್ಲ. ಬಸಮ್ಮನ ಎಂಟು ಬರೀ ಬಾಯಲ್ಲಿ ಹೇಳಿದ ಎಂಟು ಅಂತ ನಾನು ತೀರ್ಮಾನಿಸಿದ್ದು ಈ ಎರಡು ಸಾಕ್ಷಿಯಿಂದ: ತನ್ನದೇ ಕಥೆಗೆ ಕೊಟ್ಟ ಮೂರು, ಮತ್ತು ಈ ರಾತ್ರಿ. ಅದೇ ಊರಿನಲ್ಲಿ ಅಷ್ಟೇ ಬಡತನದಲ್ಲಿ ನಿಜಕ್ಕೂ ಹಾಯಾಗಿ ನಿದ್ದೆ ಮಾಡುವ ಒಬ್ಬ ಅಜ್ಜ ಇದ್ದರು. ಅವರ ವಿಷಯದಲ್ಲಿ ಈ ತಿದ್ದುಪಡಿ ನಡೆಯೋದಿಲ್ಲ. ಅವರಿಗೂ ನೀರು ಸಿಗಲೇಬೇಕು ಅನ್ನುವವರು ಸುಖವನ್ನು ಬಿಟ್ಟು ಬೇರೇನನ್ನೋ ಅಳೆಯಬೇಕು. ಸೇನ್ ಹಾಗೇ ಮಾಡಿದರು. ಜನ ಏನು ಮಾಡಬಲ್ಲರು, ಏನಾಗಬಲ್ಲರು ಅನ್ನೋದರ ಕಡೆ ತಿರುಗಿದರು. ಅದು ಬೇರೆ ದಾರಿ, ಇವತ್ತು ಆ ಕಡೆ ಹೋಗೋದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಅದೆಲ್ಲ ಸರಿ ರೀ ಮೇಡಂ. ಮೆಟ್ಟಿಲ ಅಂತರ ಗೊತ್ತಾಗಂಗಿಲ್ಲ ಅಂತೀರಿ. ಹಂಗಾದ್ರ ನೀರು ಯಾರಿಗ್ರಿ?" ಅವರಿಗೆ ಹೇಳಿದ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಂತರ ನಿಖರವಾಗಿ ಗೊತ್ತಾಗಬೇಕಾಗಿಲ್ಲ. ಇದೂ ಸೇನ್ ಅವರದ್ದೇ ವಿಚಾರ, 1970ರದ್ದು. ಒಬ್ಬರ ಮೆಟ್ಟಿಲು ಇನ್ನೊಬ್ಬರದಕ್ಕಿಂತ ಎಷ್ಟು ಪಟ್ಟು ದೊಡ್ಡದಿರಬಹುದು ಅಂತ ಒಂದು ಅಂದಾಜಿನ ವ್ಯಾಪ್ತಿ ಇಟ್ಟುಕೊಳ್ಳಿ. ಆ ವ್ಯಾಪ್ತಿಯಲ್ಲಿ ಯಾವ ಅಂಕಿ ಹಾಕಿದರೂ ಉತ್ತರ ಬದಲಾಗದಿದ್ದರೆ, ಆ ಉತ್ತರವನ್ನು ಧೈರ್ಯವಾಗಿ ಹೇಳಬಹುದು. ಚೀಟಿಯ ಲೆಕ್ಕದಲ್ಲಿ ಬಸಮ್ಮನ ಏರಿಕೆ ಆರು, ಈರಣ್ಣನವರದ್ದು ಒಂದು. ಈ ಉತ್ತರ ತಿರುವುಮುರುವು ಆಗಬೇಕಾದರೆ ಈರಣ್ಣನವರ ಒಂದು ಚೀಟಿ ಬಸಮ್ಮನ ಒಂದು ಚೀಟಿಯ ಆರು ಪಟ್ಟಿಗಿಂತ ದೊಡ್ಡದಿರಬೇಕು. ಏಣಿಯಲ್ಲಿ, ಕಥೆಯ ಮೂಲಕ ತಿದ್ದಿದ ಮೇಲೆ, ಬಸಮ್ಮನದ್ದು ಮೂರರಿಂದ ಏಳು, ಏರಿಕೆ ನಾಲ್ಕು. ಈರಣ್ಣನವರದ್ದು ಆರರಿಂದ ಎಂಟು, ಏರಿಕೆ ಎರಡು. ಇಲ್ಲಿ ಅವರ ಮೆಟ್ಟಿಲು ಬಸಮ್ಮನದ್ದರ ಎರಡು ಪಟ್ಟು ಮೀರಬೇಕು. ಎರಡು ಬೇರೆ ಬೇರೆ ಅಳತೆ, ಎರಡೂ ಒಂದೇ ಕಡೆ ಕೈ ತೋರಿಸುತ್ತವೆ. ನೀರು ಮೇಲಕ್ಕೇ ಹೋಗಲಿ ಅನ್ನುವವರು ಈಗ ಬಾಯಿಬಿಟ್ಟು ಹೇಳಬೇಕು: ಈರಣ್ಣ ಬಸಮ್ಮನಿಗಿಂತ ಇಷ್ಟು ಪಟ್ಟು ಹೆಚ್ಚು ಸುಖ ಪಡಬಲ್ಲರು ಅಂತ. ಅದು ರಾಬಿನ್ಸ್ ಕಥೆಯ ಆ ಮನುಷ್ಯ ಹೇಳಿದ ಮಾತೇ. ಅದು ಸುಳ್ಳು ಅಂತ ಸಾಧಿಸೋಕೆ ನನಗೆ ಬರೋದಿಲ್ಲ. ಆದರೆ ಅದನ್ನು ಹೇಳುವ ಹೊಣೆ ಹೇಳುವವರ ಮೇಲೆ ಬೀಳುತ್ತದೆ, ಮತ್ತು ಯಾವ ಆಧಾರದಿಂದ ಅಂತ ನಾವು ಕೇಳಬಹುದು. ಹಾಗಾಗಿ ಹಿರಿಯರಿಗೆ ಹೇಳಿದೆ: ನೀರು ಕೊನೆ ಭಾಗಕ್ಕೆ.

ಅವರು ಅಷ್ಟಕ್ಕೆ ಬಿಡಲಿಲ್ಲ. "ಕೊನೆ ಭಾಗದಾಗೇ ಇಬ್ರು ಇದ್ರ? ಒಬ್ಬಂದು ಹತ್ತಿ, ಒಬ್ಬಂದು ಮೆಣಸಿನಕಾಯಿ?" ಅಂದರು. ಒಬ್ಬರ ಏರಿಕೆ ನಾಲ್ಕು, ಇನ್ನೊಬ್ಬರದ್ದು ಮೂರು ಅಂತ ಬಂದರೆ, ಮೆಟ್ಟಿಲ ಅಂತರ ಒಂದಿಷ್ಟು ಆಚೀಚೆ ಆದರೂ ಉತ್ತರ ಮಗುಚಿ ಬೀಳುತ್ತದೆ. ಅಲ್ಲಿ ನನ್ನ ಲೆಕ್ಕ ಏನೂ ಹೇಳೋದಿಲ್ಲ, ಹೇಳಬಾರದು ಕೂಡ. ಹಾಗಂತಲೇ ಉತ್ತರ ಕೊಟ್ಟೆ. ಅವರು ತಲೆಯಾಡಿಸಿ, "ಹಂಗಾದ್ರ ಅಲ್ಲಿ ಸರದಿ ಹಚ್ಬೇಕ್ರಿ, ಈ ವಾರ ಅವ್ರಿಗೆ, ಮುಂದಿನ ವಾರ ಇವ್ರಿಗೆ" ಅಂದು ಕೂತರು.